ಇಳಕಲ್ ಸೀರೆಯ ಆನ್‌ಲೈನ್ ವಿವರವನ್ನು ಕನ್ನಡದಲ್ಲಿ ಬರೆಯುವಾಗ ‘ಆರ್ಟ್ ಸಿಲ್ಕ್’, ಅಳತೆ ಮತ್ತು ಒಗೆಯುವ ಸೂಚನೆಗಳನ್ನು ಏನೆಂದು ಬರೆಯಬೇಕು?

ವಿದ್ಯಾ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಇಳಕಲ್ ಸೀರೆ ಮತ್ತು ಖಣದ ಕುರ್ತಾಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಯೊಂದರಲ್ಲಿ ನಾನು ವಿವರಗಳನ್ನು ಬರೆಯುವ ಕೆಲಸ ಮಾಡುತ್ತೇನೆ. ಇದುವರೆಗೆ ಎಲ್ಲವೂ ಇಂಗ್ಲಿಷಿನಲ್ಲಿತ್ತು. ಈಗ ಕನ್ನಡ ಪುಟಗಳನ್ನೂ ಆರಂಭಿಸಿದ್ದೇವೆ, ಮೊದಲ ಕಂತನ್ನು ಹೊರಗಿನವರಿಂದ ಅನುವಾದ ಮಾಡಿಸಿದ್ದೇವೆ. ಕಳೆದ ವಾರ ಒಬ್ಬ ಗ್ರಾಹಕರು, ‘ರೇಷ್ಮೆ ಸೆರಗು ಎಂದು ಬರೆದಿದ್ದೀರಿ, ಇದು ರೇಷ್ಮೆಯಲ್ಲ’ ಎಂದು ಸೀರೆಯನ್ನು ವಾಪಸು ಕಳುಹಿಸಿದರು. ಇಂಗ್ಲಿಷ್ ಪುಟದಲ್ಲಿ ‘ಆರ್ಟ್ ಸಿಲ್ಕ್ ಪಲ್ಲು, ಕಾಟನ್ ಬಾಡಿ’ ಎಂದು ಸರಿಯಾಗಿಯೇ ಇತ್ತು. ‘ಆರ್ಟ್’ ಎಂಬುದು ಇಲ್ಲಿ ‘ಆರ್ಟಿಫಿಶಿಯಲ್’ ಪದದ ಚುಟುಕು ರೂಪ, ಆದರೆ ಕನ್ನಡದಲ್ಲಿ ಅದು ‘ಕಲಾತ್ಮಕ ರೇಷ್ಮೆ ಸೆರಗು, ಹತ್ತಿಯ ಒಡಲು’ ಎಂದಾಗಿತ್ತು.

ಅದನ್ನು ಕಂಡ ಮೇಲೆ ಉಳಿದ ಸಾಲುಗಳನ್ನೂ ಒಂದೊಂದಾಗಿ ನೋಡುತ್ತಿದ್ದೇನೆ. ಅದೇ ಸೀರೆಯ ಅಳತೆ ಇಂಗ್ಲಿಷಿನಲ್ಲಿ ‘ಬ್ಲೌಸ್ ಪೀಸ್ 0.8 ಮೀಟರ್ ಸೇರಿ 6.3 ಮೀಟರ್’ ಎಂದಿದ್ದರೆ, ಕನ್ನಡದಲ್ಲಿ ‘6.3 ಮೀಟರ್ ಸೀರೆ ಮತ್ತು 0.8 ಮೀಟರ್ ಬ್ಲೌಸ್ ಪೀಸ್’ ಎಂದಿದೆ. ಓದಿದವರು ಒಟ್ಟು 7.1 ಮೀಟರ್ ಬಟ್ಟೆ ಬರುತ್ತದೆ ಎಂದೇ ತಿಳಿಯುತ್ತಾರೆ. ಒಗೆಯುವ ಸೂಚನೆ ‘30 ಡಿಗ್ರಿ ಬಿಸಿ ನೀರಿನಲ್ಲಿ ತೊಳೆಯಿರಿ’ ಎಂದಾಗಿದೆ. ‘ಕಲರ್ ಫಾಸ್ಟ್’ ಎಂಬುದು ‘ಬಣ್ಣ ಎಂದಿಗೂ ಹೋಗುವುದಿಲ್ಲ’ ಎಂದಾಗಿದೆ. ಇವನ್ನೆಲ್ಲ ಹೇಗೆ ಬರೆದರೆ ಓದುವವರಿಗೆ ತಿಳಿಯುತ್ತದೆ, ಸುಳ್ಳೂ ಆಗುವುದಿಲ್ಲ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ನುಡಿಗನ್ನಡ

ಇಷ್ಟೊಂದು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವ ಅಗತ್ಯವೇ ಇಲ್ಲ. ‘ಕೃತಕ ರೇಷ್ಮೆ’ ಎಂಬ ಪದ ಬಹುಕಾಲದಿಂದ ಬಳಕೆಯಲ್ಲಿದೆ ಮತ್ತು ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನೇ ಬರೆಯಿರಿ.

ಮಗ್ಗದ ಮನೆ

ನಮ್ಮದು ಇಳಕಲ್‌ನಲ್ಲಿ ನೇಯ್ಗೆಯ ಮನೆತನ. ವಿದ್ಯಾ ಅಕ್ಕಾವರೇ, ಪದ ಹುಡುಕುವ ಮೊದಲು ನಿಮಗೆ ಸೀರೆ ಕೊಡುವವರನ್ನು ಒಂದು ಪ್ರಶ್ನೆ ಕೇಳಬೇಕು: ಸೆರಗಿನ ಎಳೆ ಯಾವುದು? ‘ಆರ್ಟ್ ಸಿಲ್ಕ್’ ಎಂಬುದು ಒಂದು ನಾರಿನ ಹೆಸರಲ್ಲ, ವ್ಯಾಪಾರದ ಹೆಸರು. ಅದರಡಿಯಲ್ಲಿ ವಿಸ್ಕೋಸ್ ರೇಯಾನ್ ಇರಬಹುದು, ಪಾಲಿಯೆಸ್ಟರ್ ಕೂಡ ಇರಬಹುದು. ನೋಡಲು ಎರಡೂ ಹೊಳೆಯುತ್ತವೆ, ನೀರಿಗೆ ಬಿದ್ದಾಗ ಮಾತ್ರ ಎರಡರ ಗುಣ ಬೇರೆ ಬೇರೆ. ರೇಯಾನ್ ಒದ್ದೆಯಾದಾಗ ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ, ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಪಾಲಿಯೆಸ್ಟರ್‌ನ ಬಲ ಹೆಚ್ಚೂಕಡಿಮೆ ಹಾಗೆಯೇ ಉಳಿಯುತ್ತದೆ.

ಇಳಕಲ್ ಸೀರೆಯಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿ ಮುಂದೆ ನೇಯುತ್ತೇವೆ. ಹೀಗಾಗಿ ಒಂದೇ ಸೀರೆಯಲ್ಲಿ ಹತ್ತಿ ಒಂದು ಕಡೆ, ರೇಯಾನ್ ಇನ್ನೊಂದು ಕಡೆ ಇರುತ್ತದೆ, ಎರಡೂ ಸೇರುವ ಜಾಗ ಕೊಂಡಿಯ ಸಾಲು. ಒಗೆದ ಮೇಲೆ ಬಕೆಟ್ಟಿನಿಂದ ತೆಗೆದು ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಿದರೆ, ಒಡಲು ತಡೆದುಕೊಳ್ಳುತ್ತದೆ, ಸೆರಗು ತಡೆದುಕೊಳ್ಳುವುದಿಲ್ಲ. ಎರಡರ ಕುಗ್ಗುವಿಕೆಯೂ ಒಂದೇ ಸಮನಾಗಿರದ ಕಾರಣ ಕೊಂಡಿಯ ಸಾಲಿನಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಆದ್ದರಿಂದ ನಿಮ್ಮ ಪುಟದಲ್ಲಿ ಸೆರಗಿನ ಎಳೆಯನ್ನು ತಪ್ಪಾಗಿ ಬರೆದರೆ, ಕೆಳಗಿನ ಒಗೆಯುವ ಸೂಚನೆಯೂ ತಾನಾಗಿ ತಪ್ಪಾಗುತ್ತದೆ.

ಪ್ರಕಾಶ್ ಬಿ.

ಅದನ್ನು ಕಂಡುಹಿಡಿಯುವುದು ಬಹಳ ಸುಲಭ. ಸೆರಗಿನ ಗೊಂಡೆಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಮಗ್ಗದ ಮನೆ

ಪ್ರಕಾಶ್ ಅಣ್ಣಾವರೇ, ರೇಷ್ಮೆಯ ಬಗ್ಗೆ ನೀವು ಹೇಳಿದ್ದು ಸರಿ. ಎರಡನೆಯ ಮಾತು ಪಾಲಿಯೆಸ್ಟರ್‌ಗೆ ಮಾತ್ರ ಅನ್ವಯಿಸುತ್ತದೆ. ರೇಯಾನ್ ಮರದ ತಿರುಳಿನಿಂದ ಮಾಡಿದ್ದು, ಕರಗುವುದಿಲ್ಲ. ಅದು ಹತ್ತಿಯಂತೆಯೇ ಉರಿದು ಕಾಗದ ಸುಟ್ಟ ವಾಸನೆ ಕೊಡುತ್ತದೆ, ಮೆತ್ತನೆಯ ಬೂದಿಯಾಗುತ್ತದೆ. ‘ಕರಗಲಿಲ್ಲ, ಆದ್ದರಿಂದ ಆರ್ಟ್ ಸಿಲ್ಕ್ ಅಲ್ಲ’ ಎಂದು ಯಾರಾದರೂ ತೀರ್ಮಾನಿಸಿದರೆ ರೇಯಾನ್ ಸೆರಗು ಅವರ ಕೈಯಿಂದ ತಪ್ಪಿಸಿಕೊಳ್ಳುತ್ತದೆ. ಸುಡುವ ಪರೀಕ್ಷೆ ಇದು ರೇಷ್ಮೆಯಲ್ಲ ಎಂದು ತೋರಿಸಬಲ್ಲದು, ರೇಯಾನನ್ನು ಹತ್ತಿಯಿಂದ ಬೇರ್ಪಡಿಸಲಾರದು. ಅಂಗಡಿಯವರು ನೂಲು ಕೊಂಡ ಬಿಲ್ಲನ್ನೇ ಕೇಳುವುದು ಒಳ್ಳೆಯದು.

ಅನುವಾದ_ಅನಿತಾ

ನಾನು ಬೆಂಗಳೂರಿನಲ್ಲಿ ಮಾರಾಟ ತಾಣಗಳಿಗಾಗಿ ಕನ್ನಡ ಅನುವಾದಗಳನ್ನು ಪರಿಶೀಲಿಸುತ್ತೇನೆ. ನುಡಿಗನ್ನಡ ಅವರ ‘ಕೃತಕ ರೇಷ್ಮೆ’ ಅರ್ಥದ ದೃಷ್ಟಿಯಿಂದ ತಪ್ಪಲ್ಲ, ಆದರೆ ಮಾರಾಟದ ಪುಟದಲ್ಲಿ ಅದಕ್ಕೆ ಎರಡು ತೊಂದರೆಗಳಿವೆ. ಮೊದಲನೆಯದಾಗಿ, ಗ್ರಾಹಕರು ‘ರೇಷ್ಮೆ’ ಎಂದು ಹುಡುಕಿದಾಗ ಈ ಸೀರೆಯೂ ಬರುತ್ತದೆ, ಮತ್ತು ಫೋನಿನ ಕಿರಿದಾದ ಪರದೆಯಲ್ಲಿ ಚಿತ್ರ, ಬೆಲೆ ಹಾಗೂ ಶೀರ್ಷಿಕೆಯ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ‘ಇಳಕಲ್ ಸೀರೆ, ಹತ್ತಿ ಒಡಲು, ಕೃತಕ ರೇಷ್ಮೆ ಸೆರಗು’ ಎಂಬುದು ‘ಕೃತಕ’ ಬರುವ ಮೊದಲೇ ತುಂಡಾಗಬಹುದು. ಎರಡನೆಯದಾಗಿ, ಶೀರ್ಷಿಕೆಯ ಜೊತೆಗೆ ಬಟ್ಟೆಯ ಬಗೆಯನ್ನು ಆರಿಸುವ ಪ್ರತ್ಯೇಕ ಅಂಕಣವಿರುತ್ತದೆ. ಅಲ್ಲಿ ಅನುವಾದಕರು ‘ರೇಷ್ಮೆ-ಹತ್ತಿ’ ಎಂದು ಆರಿಸಿದ್ದರೆ, ವಿವರದಲ್ಲಿ ಎಷ್ಟೇ ಎಚ್ಚರದಿಂದ ಬರೆದರೂ ಸೋಸುವಿಕೆಯಲ್ಲಿ ಆ ಸೀರೆ ನಿಜವಾದ ರೇಷ್ಮೆಯ ಪಕ್ಕದಲ್ಲಿ ನಿಲ್ಲುತ್ತದೆ. ವಿದ್ಯಾ ಅವರೇ, ವಾಪಸಾದ ಸೀರೆಯ ಆ ಅಂಕಣವನ್ನು ಒಮ್ಮೆ ನೋಡಿ.

ನನ್ನ ಸಲಹೆ: ನಾರಿನ ಹೆಸರನ್ನೇ ಬರೆಯಿರಿ. ‘ಹತ್ತಿ ಒಡಲು, ರೇಯಾನ್ ಸೆರಗು’. ‘ಆರ್ಟ್ ಸಿಲ್ಕ್’ ಎಂದೇ ಹುಡುಕುವವರಿಗಾಗಿ ಕೆಳಗಿನ ವಿವರದಲ್ಲಿ, ‘ವ್ಯಾಪಾರದಲ್ಲಿ ಆರ್ಟ್ ಸಿಲ್ಕ್ ಎಂದು ಕರೆಯುವ ರೇಯಾನ್ ಎಳೆ, ಇದು ರೇಷ್ಮೆಯಲ್ಲ’ ಎಂಬ ಪೂರ್ತಿ ವಾಕ್ಯ ಇರಲಿ.

ವಿದ್ಯಾ_ಹುಬ್ಬಳ್ಳಿ

ನೋಡಿದೆ, ಮೇಡಂ. ಅಂಕಣದಲ್ಲಿ ‘ಸಿಲ್ಕ್ ಬ್ಲೆಂಡ್’ ಎಂದು ಆರಿಸಲಾಗಿದೆ. ಇಂಗ್ಲಿಷ್ ಪುಟದಲ್ಲೂ ಹಾಗೆಯೇ ಇದೆ. ಎಂದರೆ ಈ ದೋಷ ಅನುವಾದಕ್ಕೂ ಮೊದಲಿನದು.

ನುಡಿಗನ್ನಡ

‘ರೇಯಾನ್’ ಎಂಬುದೂ ಇಂಗ್ಲಿಷೇ. ‘ಕೃತಕ ರೇಷ್ಮೆ’ಯಲ್ಲಿ ಮೊದಲ ಪದವೇ ‘ಕೃತಕ’ ಎಂದಿರುವಾಗ ಮೋಸ ಎಲ್ಲಿಂದ ಬಂತು? ಶೀರ್ಷಿಕೆಯನ್ನು ‘ಕೃತಕ ರೇಷ್ಮೆ ಸೆರಗಿನ ಇಳಕಲ್ ಸೀರೆ’ ಎಂದು ಆರಂಭಿಸಿದರೆ ತುಂಡಾಗುವ ಪ್ರಶ್ನೆಯೂ ಇಲ್ಲ. ಓದುಗರಿಗೆ ಗೊತ್ತಿರುವ ಪದವನ್ನು ಬಿಟ್ಟು ರಸಾಯನಶಾಸ್ತ್ರದ ಪದವನ್ನು ಕೊಟ್ಟರೆ ಅದು ಸ್ಪಷ್ಟತೆಯಲ್ಲ.

ಅನುವಾದ_ಅನಿತಾ

ಮಿತಿಯನ್ನು ಹೇಳುವ ಪದ ಮೊದಲು ಬರಬೇಕೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಅದು ಒಳ್ಳೆಯ ಪರಿಹಾರ. ಆದರೂ ಒಗೆಯುವವರಿಗೆ ಬೇಕಾದ ಮಾಹಿತಿ ಅದು ರೇಯಾನೋ ಪಾಲಿಯೆಸ್ಟರೋ ಎಂಬುದು, ಮತ್ತು ‘ಕೃತಕ ರೇಷ್ಮೆ’ ಆ ಮಾಹಿತಿಯನ್ನು ಕೊಡುವುದಿಲ್ಲ. ಶೀರ್ಷಿಕೆಯಲ್ಲಿ ನಿಮ್ಮ ಪದ, ನಾರಿನ ಅಂಕಣದಲ್ಲಿ ರೇಯಾನ್ ಎಂದಾದರೆ ನನ್ನ ಆಕ್ಷೇಪವಿಲ್ಲ.

ಹೊಸಬ_ಮೈಸೂರು

ನನಗೂ ಅಸಲಿ ಇಳಕಲ್ ಸೀರೆ ಬೇಕಿತ್ತು. ಯಾವ ಅಂಗಡಿಯಲ್ಲಿ ಮೋಸವಿಲ್ಲದೆ ಸಿಗುತ್ತದೆ ಎಂದು ಯಾರಾದರೂ ತಿಳಿಸುವಿರಾ? ಸಿಲ್ಕ್ ಮಾರ್ಕ್ ಇದ್ದರೆ ಕೈಮಗ್ಗದ ಸೀರೆಯೆಂದು ನಂಬಬಹುದಲ್ಲವೇ?

ಮಗ್ಗದ ಮನೆ

ಇಲ್ಲಿ ಕೇಳುತ್ತಿರುವುದು ವಿವರ ಬರೆಯುವ ಬಗೆಯನ್ನು, ಅಂಗಡಿಯನ್ನಲ್ಲ. ಆದರೂ ನಿಮ್ಮ ಎರಡನೆಯ ಪ್ರಶ್ನೆ ಈ ಚರ್ಚೆಗೆ ಬೇಕಾದದ್ದೇ. ಸಿಲ್ಕ್ ಮಾರ್ಕ್ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಗುರುತು, ಅದು ರೇಷ್ಮೆ ಶುದ್ಧವೇ ಎಂಬುದರ ಭರವಸೆ. ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದರೋ ವಿದ್ಯುತ್ ಮಗ್ಗದಲ್ಲೋ ಎಂಬುದನ್ನು ಅದು ಹೇಳುವುದಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ 2006ರದ್ದು, ಅದು ಕೈಮಗ್ಗದ ಗುರುತು, ಎಳೆ ರೇಷ್ಮೆಯೇ ಎಂಬುದನ್ನು ಅದು ಹೇಳುವುದಿಲ್ಲ. ರೇಯಾನ್ ಸೆರಗಿನ ಇಳಕಲ್ ಸೀರೆ ಕೈಮಗ್ಗದ್ದಾಗಿರಬಹುದು, ರೇಷ್ಮೆ ಸೀರೆ ವಿದ್ಯುತ್ ಮಗ್ಗದ್ದಾಗಿರಬಹುದು. ಎರಡನ್ನೂ ಸೇರಿಸಿ ‘ಸರ್ಕಾರದಿಂದ ದೃಢೀಕೃತ ಅಸಲಿ ಸೀರೆ’ ಎಂದು ಬರೆಯುವವರನ್ನು ನೋಡಿದ್ದೇನೆ. ಯಾವ ಗುರುತು ಇದೆಯೋ ಅದರ ಹೆಸರನ್ನು ಮಾತ್ರ ಬರೆಯಬೇಕು, ಅದರಾಚೆಗೆ ಒಂದು ಪದವನ್ನೂ ಸೇರಿಸಬಾರದು.

ಅನುವಾದ_ಅನಿತಾ

ಇದರ ಜೊತೆಗೆ ಇನ್ನೊಂದು. ‘ಕಸೂತಿ ಸ್ಟೈಲ್ ಪ್ರಿಂಟ್’ ಎಂಬುದು ಕನ್ನಡಕ್ಕೆ ಬರುವಾಗ ‘ಕಸೂತಿ ಸೀರೆ’ ಆಗಿಬಿಡುವುದನ್ನು ನಾನು ಪದೇ ಪದೇ ತಿದ್ದುತ್ತೇನೆ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಎಳೆ ಎಣಿಸಿ ಸೂಜಿಯಲ್ಲಿ ಹಾಕುವ ಕಸೂತಿ ಒಂದು, ಅದರ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚು ಒತ್ತಿದ್ದು ಇನ್ನೊಂದು. ‘ಕಸೂತಿ ಶೈಲಿಯ’ ಎಂದು ಬರೆದರೂ ಸಾಲದು, ಏಕೆಂದರೆ ಕನ್ನಡದಲ್ಲಿ ‘ಶೈಲಿಯ’ ಎಂಬುದನ್ನು ಜನ ‘ಆ ಪದ್ಧತಿಯಲ್ಲಿ ಮಾಡಿದ’ ಎಂದೂ ಓದುತ್ತಾರೆ. ‘ಕಸೂತಿಯ ಚಿತ್ತಾರವನ್ನು ಅಚ್ಚು ಹಾಕಿದ ಸೀರೆ’ ಎಂದರೆ ಅನುಮಾನಕ್ಕೆ ಎಡೆಯಿಲ್ಲ. ಮೈಸೂರು ಸಿಲ್ಕ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದು ಭೌಗೋಳಿಕ ಸೂಚಕವಾಗಿ ನೋಂದಾಯಿತವಾದ ಹೆಸರು, ಪಾಲಿಯೆಸ್ಟರ್ ಸೀರೆಗೆ ಯಾವ ಬಾಲ ಸೇರಿಸಿದರೂ ಆ ಹೆಸರನ್ನು ಅಂಟಿಸುವುದು ಸರಿಯಲ್ಲ.

ದೂರದೂರಿನ ಕನ್ನಡತಿ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಸೀರೆಯ ತೊಂದರೆ ನನಗೆ ಬಂದಿಲ್ಲ, ಕುರ್ತಾದ್ದು ಬಂದಿದೆ. ಒಂದು ತಾಣದಲ್ಲಿ ‘ಎದೆ ಸುತ್ತಳತೆ 40’ ಎಂದು ಕನ್ನಡದಲ್ಲಿ ಓದಿ, ನನ್ನ ಅಳತೆಯೂ 40 ಅಂಗುಲವೇ ಆಗಿದ್ದರಿಂದ ಖಣದ ಕುರ್ತಾ ತರಿಸಿದೆ. ತೋಳು ಹಾಕಲಾಗದಷ್ಟು ಬಿಗಿಯಾಯಿತು. ಇಲ್ಲಿಂದ ವಾಪಸು ಕಳುಹಿಸುವ ಖರ್ಚು ಕುರ್ತಾದ ಬೆಲೆಗಿಂತ ಹೆಚ್ಚು. ಅವರು ಸುಳ್ಳು ಅಳತೆ ಬರೆದಿದ್ದರೆಂದೇ ನನ್ನ ಅಭಿಪ್ರಾಯ.

ಸುಮಂಗಲಾ ಟೇಲರ್

ತಂಗೀ, ಅವರು ಬರೆದ ಅಳತೆ ಸುಳ್ಳಲ್ಲದಿರಬಹುದು. ಅದು ನಿಮ್ಮ ಮೈಯ ಅಳತೆಯಲ್ಲ, ಹೊಲಿದ ಬಟ್ಟೆಯ ಅಳತೆ. ಖಣ ಹಿಗ್ಗುವ ಬಟ್ಟೆಯಲ್ಲ. ಅದರಲ್ಲಿ ಕುರ್ತಾ ಹೊಲಿಯುವಾಗ ನಾವು ಮೈಯ ಅಳತೆಗಿಂತ 2ರಿಂದ 4 ಅಂಗುಲ ಸಡಿಲ ಬಿಡುತ್ತೇವೆ. ಹಾಗಾಗಿ 40 ಅಂಗುಲದ ಕುರ್ತಾ 36ರಿಂದ 38 ಅಂಗುಲದ ಮೈಗೆ ಸರಿ, 40ರ ಮೈಗೆ 42 ಅಥವಾ 44ರ ಕುರ್ತಾ ಬೇಕು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಸಾಲುಗಳಿರುತ್ತವೆ. ಕನ್ನಡಕ್ಕೆ ತರುವವರು ಎರಡನ್ನೂ ‘ಎದೆ ಸುತ್ತಳತೆ’ ಎಂದು ಬರೆದರೆ ಓದಿದವರು ಟೇಪನ್ನು ತಮ್ಮ ಮೈಗೇ ಸುತ್ತಿಕೊಳ್ಳುತ್ತಾರೆ, ಅದು ಸಹಜ.

ಇನ್ನೊಂದು ಬಗೆಯೂ ಇದೆ. ಕೆಲವರು ಕುರ್ತಾವನ್ನು ಮೇಜಿನ ಮೇಲೆ ಹರಡಿ ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಅಳೆದು ‘20 ಅಂಗುಲ’ ಎಂದು ಬರೆಯುತ್ತಾರೆ. ಸುತ್ತಳತೆ ಅದರ ಎರಡರಷ್ಟು. ‘ಹರಡಿ ಅಳೆದದ್ದು’ ಎಂಬುದನ್ನು ಬಿಟ್ಟು ‘ಎದೆ 20’ ಎಂದಷ್ಟೇ ಬರೆದರೆ, ದೊಡ್ಡವರ ಕುರ್ತಾ ಚಿಕ್ಕ ಮಗುವಿನದಾಗಿ ಕಾಣುತ್ತದೆ. ‘ಮೈಯ ಎದೆ ಸುತ್ತಳತೆ 38 ಅಂಗುಲ ಇರುವವರಿಗೆ; ಹೊಲಿದ ಕುರ್ತಾದ ಎದೆ ಸುತ್ತಳತೆ 40 ಅಂಗುಲ’ ಎಂದು ಎರಡನ್ನೂ ಬರೆದುಬಿಡಿ. ಉದ್ದವಾಯಿತೆಂದು ಯಾರೂ ದೂರುವುದಿಲ್ಲ.

ದೂರದೂರಿನ ಕನ್ನಡತಿ

ಈಗ ಅರ್ಥವಾಯಿತು. ಆದರೂ ಯಾವ ಅಳತೆ ಎಂದು ಹೇಳದಿರುವುದು ನನ್ನ ದೃಷ್ಟಿಯಲ್ಲಿ ಸುಳ್ಳಿಗೆ ಸಮೀಪವೇ.

ರಾಯಚೂರು ರವಿ

ಸೀರೆಯ ಉದ್ದವನ್ನು ಮೀಟರಿನಲ್ಲಿ ಏಕೆ ಬರೆಯುತ್ತೀರಿ? ನಮ್ಮ ಮನೆಯಲ್ಲಿ ಅಜ್ಜಿ ಹದಿನೆಂಟು ಮೊಳ ಎನ್ನುತ್ತಾರೆ, ಅವ್ವ ಆರು ವಾರ ಎನ್ನುತ್ತಾರೆ. ಮೀಟರ್ ಯಾರಿಗೂ ತಲೆಗೆ ಹತ್ತುವುದಿಲ್ಲ.

ಗ್ರಾಹಕ ಪರ ವಕೀಲ

ರವಿ ಅವರೇ, ಆಡುಮಾತಿನಲ್ಲಿ ಮೊಳ, ವಾರ ಎರಡೂ ಸರಿ. ಆದರೆ ಮಾರಾಟಕ್ಕಿಟ್ಟ ವಸ್ತುವಿನ ಪ್ರಮಾಣವನ್ನು ಜಾಹೀರಾತಿನಲ್ಲಿ ಹೇಳುವಾಗ ಮೆಟ್ರಿಕ್ ಮಾನದಲ್ಲೇ ಹೇಳಬೇಕೆಂಬುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ನಿಯಮ. ಆದ್ದರಿಂದ ಅನುವಾದಕರು ಮೀಟರನ್ನು ತೆಗೆದು ವಾರವನ್ನು ಹಾಕುವಂತಿಲ್ಲ. ಇನ್ನು, 6 ವಾರವೆಂದರೆ 5.49 ಮೀಟರ್, 9 ವಾರವೆಂದರೆ 8.23 ಮೀಟರ್. ‘ಆರು ವಾರದ ಸೀರೆ’ ಎಂದು ಜನ ಹೇಳುವಾಗ ಕೆಲವೊಮ್ಮೆ ಬ್ಲೌಸ್ ಪೀಸನ್ನು ಸೇರಿಸಿರುತ್ತಾರೆ, ಕೆಲವೊಮ್ಮೆ ಇಲ್ಲ. ವ್ಯಾಜ್ಯ ಹುಟ್ಟುವುದು ಅಲ್ಲಿಯೇ.

ವಿದ್ಯಾ ಅವರ ಸಾಲಿಗೆ ಬರುವುದಾದರೆ, ‘ಸೇರಿ’ ಎಂಬ ಒಂದು ಪದ ‘ಮತ್ತು’ ಆದದ್ದರಿಂದ 80 ಸೆಂಟಿಮೀಟರ್ ಬಟ್ಟೆಯ ಸುಳ್ಳು ಭರವಸೆ ಕೊಟ್ಟಂತಾಗಿದೆ. ‘ಒಟ್ಟು ಉದ್ದ 6.3 ಮೀಟರ್. ಇದರಲ್ಲಿ ಸೀರೆ 5.5 ಮೀಟರ್, ಬ್ಲೌಸ್ ಪೀಸ್ 0.8 ಮೀಟರ್’ ಎಂದು ಬರೆಯಿರಿ. ಮೂರು ಸಂಖ್ಯೆಗಳನ್ನೂ ಕೊಟ್ಟರೆ ಓದುವವರು ಕೂಡಿಸಿ ನೋಡಿಕೊಳ್ಳಬಹುದು.

ಕಾನೂನಿನ ಇನ್ನೊಂದು ಮಾತು. ವಸ್ತು ಜಾಹೀರಾತಿನಲ್ಲಿ ಹೇಳಿದ ಗುಣಗಳನ್ನು ಹೊಂದಿರದಿದ್ದರೆ ಮಾರುವವರು ಅದನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ‘ಇಂಗ್ಲಿಷ್ ಪುಟದಲ್ಲಿ ಸರಿಯಾಗಿತ್ತು’ ಎಂಬ ಉತ್ತರ ಕನ್ನಡ ಪುಟವನ್ನು ನೋಡಿ ಕೊಂಡವರ ಮುಂದೆ ನಿಲ್ಲುವುದು ಕಷ್ಟವೆಂದು ನಾನು ಭಾವಿಸುತ್ತೇನೆ.

ಪ್ರಕಾಶ್ ಬಿ.

ವಕೀಲರೇ, ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು ಎಂದಿದೆಯಲ್ಲವೇ? ಹಾಗಾದರೆ ಕನ್ನಡ ಪುಟಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ಗ್ರಾಹಕ ಪರ ವಕೀಲ

ಮೊದಲ ವಾಕ್ಯ ಸರಿ, ಎರಡನೆಯದು ಅದರಿಂದ ಹುಟ್ಟುವುದಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳು ಕಡ್ಡಾಯ ಘೋಷಣೆಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತವೆ, ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ ಎಂದೂ ಹೇಳುತ್ತವೆ. ಅದು ಪೊಟ್ಟಣದ ಘೋಷಣೆಯ ಮಾತು. ತಪ್ಪುದಾರಿಗೆಳೆಯುವ ಜಾಹೀರಾತಿನ ಪ್ರಶ್ನೆ ಬೇರೆ. ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಅಲ್ಲಿ ಕನ್ನಡದ ಜಾಹೀರಾತಿಗೆ ವಿನಾಯಿತಿ ಇಲ್ಲ.

ಪ್ರಕಾಶ್ ಬಿ.

ಆಗಲಿ, ಎರಡು ಭಾಷೆಯ ಪುಟಗಳು ಒಂದಕ್ಕೊಂದು ವಿರುದ್ಧವಾಗಿದ್ದಾಗ ಕೆಳಗೆ ಸಣ್ಣಕ್ಷರದಲ್ಲಿ ‘ಇಂಗ್ಲಿಷ್ ಪಾಠವೇ ಅಂತಿಮ’ ಎಂದು ಬರೆದಿದ್ದರೆ ಅದು ನಿಲ್ಲುತ್ತದೆಯೇ? ಇದಕ್ಕೆ ನೀವು ಉತ್ತರಿಸಲಿಲ್ಲ.

ಅನುವಾದ_ಅನಿತಾ

ಆ ಚರ್ಚೆ ವಕೀಲರ ನಡುವೆ ನಡೆಯಲಿ. ಒಗೆಯುವ ಸೂಚನೆಯ ಬಗ್ಗೆ ಯಾರೂ ಮಾತಾಡಿಲ್ಲ, ನನ್ನ ಅನುಭವದಲ್ಲಿ ಬಟ್ಟೆ ಹಾಳಾಗುವುದು ಅಲ್ಲಿಂದ.

ಇಂಗ್ಲಿಷಿನಲ್ಲಿ ನಿಷೇಧ ವಾಕ್ಯದ ಆರಂಭದಲ್ಲೇ ಬರುತ್ತದೆ. ಕನ್ನಡದಲ್ಲಿ ‘ಬೇಡಿ’, ‘ಬಾರದು’ ವಾಕ್ಯದ ಕೊನೆಗೆ ಬರುತ್ತವೆ. ‘ವಾಷಿಂಗ್ ಮಷೀನಿನಲ್ಲಿ ಬೇರೆ ಬಣ್ಣದ ಬಟ್ಟೆಗಳ ಜೊತೆ ಹಾಕಿ ಒಗೆಯಬೇಡಿ’ ಎಂಬ ಸಾಲು ಫೋನಿನಲ್ಲಿ ‘ವಾಷಿಂಗ್ ಮಷೀನಿನಲ್ಲಿ ಬೇರೆ ಬಣ್ಣದ ಬಟ್ಟೆಗಳ ಜೊತೆ ಹಾಕಿ…’ ಎಂದು ತುಂಡಾದರೆ, ಓದಿದವರಿಗೆ ತದ್ವಿರುದ್ಧ ಸೂಚನೆ ಸಿಗುತ್ತದೆ. ಅದಕ್ಕಾಗಿ ನಾವು ಸೂಚನೆಗಳನ್ನು ಎರಡು ಗುಂಪು ಮಾಡಿ, ‘ಮಾಡಬಾರದ್ದು’ ಎಂಬ ತಲೆಬರಹವನ್ನು ಮೊದಲೇ ಇಡುತ್ತೇವೆ, ಅದರ ಕೆಳಗೆ ಎರಡು ಮೂರು ಪದಗಳ ಪುಟ್ಟ ವಾಕ್ಯಗಳು: ‘ತಿರುಚಿ ಹಿಂಡಬೇಡಿ’, ‘ಬ್ಲೀಚ್ ಹಾಕಬೇಡಿ’, ‘ನೆನೆಸಿಡಬೇಡಿ’. ಸಾಲು ಎಲ್ಲಿ ತುಂಡಾದರೂ ಅರ್ಥ ತಿರುಗುವುದಿಲ್ಲ.

ಎರಡನೆಯದು ಬಲದ ಪ್ರಶ್ನೆ. ‘ಡ್ರೈ ಕ್ಲೀನ್ ಮಾತ್ರ’ ಮತ್ತು ‘ಮೊದಲ ಸಲ ಡ್ರೈ ಕ್ಲೀನ್ ಮಾಡಿಸುವುದು ಒಳ್ಳೆಯದು’ ಎಂಬ ಎರಡು ಬೇರೆ ಸೂಚನೆಗಳು ಕನ್ನಡದಲ್ಲಿ ‘ಡ್ರೈ ಕ್ಲೀನ್ ಮಾಡಿಸಿ’ ಎಂಬ ಒಂದೇ ವಾಕ್ಯವಾಗಿಬಿಡುತ್ತವೆ. ಮೊದಲನೆಯದು ನೀರು ತಾಗಿಸಲೇಬಾರದ ಬಟ್ಟೆಗೆ, ಎರಡನೆಯದು ಮನೆಯಲ್ಲಿ ಒಗೆಯಬಹುದಾದ ಬಟ್ಟೆಗೆ. ‘ಮಾತ್ರ’ವನ್ನು ಕಳೆದುಕೊಂಡರೆ ಬಟ್ಟೆ ಹಾಳಾಗುತ್ತದೆ, ಇಲ್ಲದ ಕಡೆ ಸೇರಿಸಿದರೆ ಗ್ರಾಹಕರು ವರ್ಷಗಟ್ಟಲೆ ಅನಗತ್ಯವಾಗಿ ಹಣ ತೆರುತ್ತಾರೆ.

ಮೂರನೆಯದು 30 ಡಿಗ್ರಿ. ತೊಳೆಯುವ ತೊಟ್ಟಿಯ ಗುರುತಿನಲ್ಲಿರುವ ಸಂಖ್ಯೆ ಮೇಲಿನ ಮಿತಿ, ಅಷ್ಟು ಬಿಸಿ ಮಾಡಿರೆಂಬ ಸೂಚನೆಯಲ್ಲ. ಯೂರೋಪಿನ ಚಳಿಯಲ್ಲಿ ನಲ್ಲಿಯ ನೀರನ್ನು 30ಕ್ಕೆ ಬಿಸಿ ಮಾಡಬೇಕಾಗುತ್ತದೆ, ನಮ್ಮಲ್ಲಿ ನಲ್ಲಿಯ ನೀರೇ ಸಾಕು. ‘ಬಿಸಿ ಮಾಡದ, ತಣ್ಣಗಿನ ನೀರಿನಲ್ಲಿ ಒಗೆಯಿರಿ, ನೀರು 30 ಡಿಗ್ರಿ ಸೆಲ್ಸಿಯಸ್ ಮೀರದಿರಲಿ’ ಎಂದು ನಾನು ಬರೆಯುತ್ತೇನೆ.

ರಾಯಚೂರು ರವಿ

ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರಿಗೆ ಕೈ ಇಟ್ಟು ನೋಡಿ. ‘ನಲ್ಲಿಯ ನೀರು’ ಎಂದು ಬರೆದರೆ ರಾಯಚೂರಿಗೆ ಅದು ತಪ್ಪು ಸೂಚನೆ.

ಅನುವಾದ_ಅನಿತಾ

ಅದಕ್ಕೇ ‘ತಣ್ಣಗಿನ’ ಎಂಬ ಪದವನ್ನೂ ಸಂಖ್ಯೆಯನ್ನೂ ಒಟ್ಟಿಗೆ ಇಟ್ಟದ್ದು. ನಿಮ್ಮ ಮಾತು ನ್ಯಾಯವಾದದ್ದು, ‘ಬೇಸಿಗೆಯಲ್ಲಿ ಬೆಳಗಿನ ನೀರು ಬಳಸಿ’ ಎಂದು ಸೇರಿಸಿದರೂ ತಪ್ಪೇನಿಲ್ಲ.

ಪ್ರಕಾಶ್ ಬಿ.

ಮೊದಲ ಸಲ ಉಪ್ಪು ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬುದನ್ನೂ ಸೂಚನೆಯಲ್ಲಿ ಸೇರಿಸಿ. ನಮ್ಮ ಮನೆಯಲ್ಲಿ ಯಾವಾಗಲೂ ಹಾಗೆಯೇ ಮಾಡುವುದು.

ಮಗ್ಗದ ಮನೆ

ದಯವಿಟ್ಟು ಸೇರಿಸಬೇಡಿ. ಹತ್ತಿಗೆ ಬಣ್ಣ ಹಾಕುವಾಗ, ಬಣ್ಣದ ಕಡಾಯಿಯಲ್ಲಿ, ಉಪ್ಪು ಬಳಸುವುದುಂಟು, ಬಣ್ಣ ಎಳೆಯನ್ನು ಹಿಡಿಯಲು ಅದು ನೆರವಾಗುತ್ತದೆ. ಬಣ್ಣ ಹಾಕಿ, ನೇಯ್ದು, ಮಾರಿದ ಮೇಲೆ ಉಪ್ಪು ನೀರು ಬಣ್ಣವನ್ನು ಕಟ್ಟಿಹಾಕುವುದಿಲ್ಲ. ಇಳಕಲ್ ಸೆರಗಿನಲ್ಲಿ ನೆನೆಸಿಡುವುದರಿಂದ ಕೆಡುಕೇ ಹೆಚ್ಚು. ನಮ್ಮ ಸೆರಗು ಸಾಮಾನ್ಯವಾಗಿ ಕೆಂಪು, ಅದರಲ್ಲಿ ಬಿಳಿಯ ಚಿತ್ತಾರವಿರುತ್ತದೆ. ಕೆಂಪು ಸ್ವಲ್ಪ ಬಿಟ್ಟರೂ ನೆನೆಯುತ್ತಿರುವ ಒಂದು ಗಂಟೆಯಲ್ಲಿ ಬಿಳಿ ಗುಲಾಬಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಮೊದಲಿನಂತಾಗುವುದಿಲ್ಲ. ಬೇಗ ಒಗೆದು, ಹಿಂಡದೆ, ನೀರು ಸೋರಲು ಬಿಟ್ಟು, ನೆರಳಿನಲ್ಲಿ ಹರಡಿ ಒಣಗಿಸಬೇಕು.

‘ಬಣ್ಣ ಎಂದಿಗೂ ಹೋಗುವುದಿಲ್ಲ’ ಎಂಬ ಸಾಲಿಗೂ ಇದೇ ಉತ್ತರ. ಬಣ್ಣ ಗಟ್ಟಿಯೇ ಎಂಬುದಕ್ಕೆ ಒಂದೇ ಉತ್ತರವಿರುವುದಿಲ್ಲ. ಒಗೆದಾಗ ಗಟ್ಟಿಯಾಗಿರುವ ಬಣ್ಣ ಬಿಸಿಲಿಗೆ ಮಾಸಬಹುದು, ಬಿಸಿಲಿಗೆ ನಿಲ್ಲುವ ಬಣ್ಣ ಒದ್ದೆ ಬಟ್ಟೆ ಉಜ್ಜಿದಾಗ ಅಂಟಬಹುದು. ಪ್ರಯೋಗಾಲಯದಲ್ಲಿ ಇವನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ಅಂಕ ಕೊಡುತ್ತಾರೆ. ಒಗೆಯುವುದಕ್ಕೂ ಉಜ್ಜುವುದಕ್ಕೂ 1ರಿಂದ 5, ಬೆಳಕಿಗೆ 1ರಿಂದ 8. ನಿಮ್ಮ ಅಂಗಡಿಯ ಬಳಿ ಅಂಥ ವರದಿ ಇದೆಯೇ?

ವಿದ್ಯಾ_ಹುಬ್ಬಳ್ಳಿ

ವರದಿ ಇಲ್ಲ. ಸೀರೆ ಕೊಡುವವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಾವು ಬರೆದಿದ್ದೇವೆ. ಅದೇ ಪುಟದಲ್ಲಿ ಕೆಳಗೆ ‘ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡಬಹುದು’ ಎಂದೂ ಇದೆ. ಎರಡೂ ಒಂದೇ ಸೀರೆಯ ವಿವರದಲ್ಲಿ ಇರುವುದನ್ನು ಈಗಷ್ಟೇ ಗಮನಿಸಿದೆ.

ಗ್ರಾಹಕ ಪರ ವಕೀಲ

ಹಾಗಿದ್ದರೆ ಮೇಲಿನ ಸಾಲನ್ನು ಕನ್ನಡದಲ್ಲಿ ಮೆದುಗೊಳಿಸುವುದಲ್ಲ, ಎರಡೂ ಭಾಷೆಗಳಲ್ಲಿ ತೆಗೆಯಬೇಕು. ಆಧಾರವಿಲ್ಲದ ಮಾತನ್ನು ನಯವಾಗಿ ಅನುವಾದಿಸಿದರೆ ಅದಕ್ಕೆ ಆಧಾರ ಬರುವುದಿಲ್ಲ. ಕೆಳಗಿನ ಸಾಲು ಇರಲಿ.

ಸುಮಂಗಲಾ ಟೇಲರ್

ಚಿತ್ರದಲ್ಲಿರುವ ಹುಡುಗಿ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟಿರುತ್ತಾಳಲ್ಲ, ಅದು ಸೀರೆಯ ಜೊತೆ ಬರುತ್ತದೆಯೇ? ನಮ್ಮಲ್ಲಿಗೆ ಬ್ಲೌಸ್ ಹೊಲಿಸಲು ಬರುವವರು, ‘ಫೋಟೋದಲ್ಲಿ ಖಣ ಇತ್ತು, ಬಂದದ್ದು ಸೀರೆಯದೇ ತುಂಡು’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಬಾರದಿದ್ದರೆ ಅದನ್ನೂ ಬರೆಯಿರಿ.

ವಿದ್ಯಾ_ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ಸೀರೆ ಕೊಡುವವರಿಗೆ ಫೋನ್ ಮಾಡಿದೆ. ಸೆರಗಿನ ಎಳೆ ವಿಸ್ಕೋಸ್ ರೇಯಾನ್ ಎಂದು ಬಿಲ್ಲಿನ ಚಿತ್ರ ಕಳುಹಿಸಿದ್ದಾರೆ. ಬಟ್ಟೆಯ ಅಂಕಣದಲ್ಲಿ ‘ಸಿಲ್ಕ್ ಬ್ಲೆಂಡ್’ ತೆಗೆಸಿ, ಇಂಗ್ಲಿಷ್ ಪುಟವನ್ನೂ ತಿದ್ದಿಸಿದ್ದೇನೆ. ಕನ್ನಡದ ವಿವರವನ್ನು ಈಗ ಹೀಗೆ ಬರೆದಿದ್ದೇನೆ:

‘ಕೃತಕ ರೇಷ್ಮೆ ಸೆರಗಿನ ಇಳಕಲ್ ಹತ್ತಿ ಸೀರೆ. ಒಡಲು ಹತ್ತಿ, ಸೆರಗು ವಿಸ್ಕೋಸ್ ರೇಯಾನ್. ವ್ಯಾಪಾರದಲ್ಲಿ ಈ ಎಳೆಯನ್ನು ಆರ್ಟ್ ಸಿಲ್ಕ್ ಎನ್ನುತ್ತಾರೆ, ಇದು ರೇಷ್ಮೆಯಲ್ಲ. ಒಟ್ಟು ಉದ್ದ 6.3 ಮೀಟರ್. ಇದರಲ್ಲಿ ಸೀರೆ 5.5 ಮೀಟರ್, ಸೀರೆಗೆ ಹೊಂದಿಕೊಂಡೇ ನೇಯ್ದ ಬ್ಲೌಸ್ ಪೀಸ್ 0.8 ಮೀಟರ್. ಚಿತ್ರದಲ್ಲಿ ಕಾಣುವ ಖಣದ ಕುಪ್ಪಸ ಇದರೊಂದಿಗೆ ಬರುವುದಿಲ್ಲ. ಮಾಡಬಾರದ್ದು: ತಿರುಚಿ ಹಿಂಡಬೇಡಿ. ನೆನೆಸಿಡಬೇಡಿ. ಬ್ಲೀಚ್ ಹಾಕಬೇಡಿ. ಮಾಡಬೇಕಾದದ್ದು: ತಣ್ಣಗಿನ ನೀರಿನಲ್ಲಿ, ಬೇರೆ ಬಟ್ಟೆಗಳಿಂದ ಪ್ರತ್ಯೇಕವಾಗಿ, ಕೈಯಲ್ಲಿ ಒಗೆಯಿರಿ. ನೀರು 30 ಡಿಗ್ರಿ ಸೆಲ್ಸಿಯಸ್ ಮೀರದಿರಲಿ. ನೆರಳಿನಲ್ಲಿ ಒಣಗಿಸಿ. ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಡಬಹುದು.’

ನುಡಿಗನ್ನಡ

ಚೆನ್ನಾಗಿದೆ. ‘ಪೀಸ್’ ಎಂಬುದನ್ನು ‘ತುಂಡು’ ಎಂದು ಮಾಡಬಹುದಿತ್ತು.

ಸುಮಂಗಲಾ ಟೇಲರ್

ಬೇಡ. ‘ಬ್ಲೌಸ್ ತುಂಡು’ ಎಂದರೆ ಚೂರು ಬಟ್ಟೆ ಎಂದುಕೊಳ್ಳುತ್ತಾರೆ. ‘ಬ್ಲೌಸ್ ಪೀಸ್’ ಎಂದೇ ಊರಿಗೆಲ್ಲ ಗೊತ್ತು.

ಮಗ್ಗದ ಮನೆ

ಅಕ್ಕಾವರೇ, ‘ಇಸ್ತ್ರಿ’ಯ ಸಾಲಿನಲ್ಲಿ ‘ಸೆರಗನ್ನು ಉಲ್ಟಾ ಮಾಡಿ’ ಎಂದು ಸೇರಿಸಿ, ಇಲ್ಲವಾದರೆ ರೇಯಾನ್ ಮೇಲೆ ಇಸ್ತ್ರಿಯ ಹೊಳಪು ಕೂರುತ್ತದೆ. ಇನ್ನೊಂದು ವಿಷಯ: ‘ಕೈಮಗ್ಗದ ಸೀರೆ’ ಎಂದು ನೀವು ಎಲ್ಲಿಯೂ ಬರೆದಿಲ್ಲ. ಬಿಟ್ಟುಹೋಗಿದೆಯೋ, ಬೇಕೆಂದೇ ಬಿಟ್ಟಿದ್ದೀರೋ?

ವಿದ್ಯಾ_ಹುಬ್ಬಳ್ಳಿ

ಬೇಕೆಂದೇ ಬಿಟ್ಟಿದ್ದೇನೆ, ಅಣ್ಣಾವರೇ. ಇಂಗ್ಲಿಷ್ ಪುಟದಲ್ಲಿ ಆ ಪದವಿದೆ, ಸೀರೆಯ ಮೇಲೆ ಹ್ಯಾಂಡ್‌ಲೂಮ್ ಮಾರ್ಕ್ ಇಲ್ಲ. ಸೀರೆ ಕೊಡುವವರನ್ನು ಕೇಳಿದರೆ ‘ಕೆಲವು ಕೈಮಗ್ಗದವು, ಕೆಲವು ಪವರ್‌ಲೂಮ್‌ನವು’ ಎಂದರು. ಯಾವ ಸೀರೆ ಯಾವುದು ಎಂದು ಅವರು ಬೇರ್ಪಡಿಸಿ ಕೊಡುವವರೆಗೆ ಆ ಪದವನ್ನು ಕನ್ನಡದಲ್ಲಿ ಬರೆಯುವುದಿಲ್ಲ. ಇಂಗ್ಲಿಷಿನಿಂದಲೂ ತೆಗೆಯಬೇಕೆಂದು ಮಾಲೀಕರಿಗೆ ಹೇಳಿದ್ದೇನೆ, ಅವರು ಇನ್ನೂ ಒಪ್ಪಿಲ್ಲ.